ಪದಕದ ಮೇಲೆ ಹಿಡಿಯದ ಹೆಸರುಗಳು: ಧಾರವಾಡ ಕೃಷಿ ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಚಿನ್ನದ ಪದಕ ವಿಜೇತೆಯ ಮಾತು

ಗೌರವಾನ್ವಿತ ಕುಲಾಧಿಪತಿಗಳೇ, ಕುಲಪತಿಗಳೇ, ವೇದಿಕೆಯ ಮೇಲಿರುವ ಹಿರಿಯರೇ, ನನ್ನ ಗುರುಗಳೇ, ಜೊತೆಗೆ ಪದವಿ ಪಡೆದ ಗೆಳೆಯ ಗೆಳತಿಯರೇ, ಊರಿಂದ ಬಸ್ಸು ಹತ್ತಿ ಬಂದಿರುವ ಅಪ್ಪ ಅವ್ವಂದಿರೇ, ಎಲ್ಲರಿಗೂ ನಮಸ್ಕಾರ.

ತಳಿ ಅಭಿವೃದ್ಧಿ ವಿಭಾಗದಲ್ಲಿ ಎಂ.ಎಸ್ಸಿ. ಓದಿದವಳು ನಾನು. ಕೆಲಸ ಮಾಡಿದ್ದು ಹಿಂಗಾರಿ ಜೋಳದ ಮೇಲೆ. ಪದಕದ ಮೇಲೆ ಒಂದೇ ಹೆಸರು ಬರೆಯುತ್ತಾರೆ. ಆದರೆ ನನ್ನ ತಾಕಿನಲ್ಲಿ ದುಡಿದವರು ಬಹಳ ಜನ. ಅವರ ಲೆಕ್ಕ ಒಪ್ಪಿಸಲು ನಿಂತಿದ್ದೇನೆ.

ಈ ಕ್ಯಾಂಪಸ್ಸಿಗೆ ನನಗಿಂತ ಮೊದಲು ಬಂದವರು ನಮ್ಮ ಅಪ್ಪ. ಕೃಷಿ ಮೇಳಕ್ಕೆ ಸಿಂದಗಿ ಕಡೆಯಿಂದ ತಪ್ಪದೆ ಬರುತ್ತಿದ್ದರು. ಬೀಜದ ಚೀಲ ಹೊತ್ತುಕೊಂಡು ರಾತ್ರಿ ಮನೆ ಸೇರುತ್ತಿದ್ದರು. "ಅಲ್ಲಿ ಓದೋ ಹುಡುಗೀರು ನಮ್ಮ ಹೊಲದ ಬಗ್ಗೆ ನಮಗೇ ಹೇಳಿಕೊಡ್ತಾರ" ಎಂದು ನಗುತ್ತಿದ್ದರು. ಆ ನಗುವಿನಲ್ಲಿ ಚೇಷ್ಟೆ ಸ್ವಲ್ಪ, ಆಸೆ ಜಾಸ್ತಿ. ಅಪ್ಪಾ, ಮುಂದಿನ ಮೇಳದಲ್ಲಿ ನಾನು ಹೇಳಿಕೊಡುತ್ತೇನೆ. ನೀವು ಜಗಳ ತೆಗೆಯಬೇಡಿ.

ಅವ್ವ ಶಾಲೆಗೆ ಹೋದವಳಲ್ಲ. ಆದರೆ ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಗೆ ನನ್ನನ್ನು ತಯಾರು ಮಾಡಿದ್ದು ಅವಳೇ. ಮೊರದ ತುಂಬ ಕಾಳು ಹರವಿ, ಇದು ಯಾವುದು, ಅದು ಯಾವುದು ಎಂದು ಕೇಳುತ್ತಿದ್ದಳು. ಹೆಸರು, ಮಡಕಿ, ಅಲಸಂದಿ, ಕುಸುಬಿ, ಅಗಸಿ. ಒಂದು ತಪ್ಪಿದರೂ ಮತ್ತೆ ಮೊದಲಿಂದ ಶುರು. ಮಳೆ ಕೈಕೊಟ್ಟ ವರ್ಷ ನನ್ನ ಮೆಸ್ ಬಿಲ್ ಕಟ್ಟಿದ್ದು ಅವಳು ಸ್ತ್ರೀಶಕ್ತಿ ಸಂಘದಲ್ಲಿ ಎತ್ತಿದ ಸಾಲದಿಂದ. ಈ ವಿಷಯ ನನಗೆ ಗೊತ್ತಾಗಿದ್ದು ಸಾಲ ತೀರಿದ ಮೇಲೆ!

ಇನ್ನು ಗುರುಗಳು. ನಮ್ಮ ಗೈಡ್ ಸರ್ ಹತ್ತಿರ ಯಾವುದೇ ಅನುಮಾನ ತೆಗೆದುಕೊಂಡು ಹೋದರೂ ಅವರ ಮೊದಲ ಪ್ರಶ್ನೆ ಒಂದೇ: "ಗಿಡ ನೋಡಿ ಬಂದ್ಯಾ?" ಪುಸ್ತಕ ಆಮೇಲೆ, ಕಂಪ್ಯೂಟರ್ ಇನ್ನೂ ಆಮೇಲೆ. ಸುಳಿ ನೊಣ ಬಿದ್ದು ಒಂದು ಸಾಲೇ ಒಣಗಿದಾಗ ನಾನು ಅಳುಮುಖ ಮಾಡಿಕೊಂಡು ನಿಂತಿದ್ದೆ. ಸರ್ ಕೂತು, ಪಕ್ಕದ ಸಾಲಿನಲ್ಲಿ ತಡೆದುಕೊಂಡ ಗಿಡಗಳನ್ನು ಒಂದೊಂದಾಗಿ ತೋರಿಸಿದರು. "ನಮಗೆ ಬೇಕಾದವು ಇವೇ ನೋಡು" ಎಂದರು. ನನ್ನ ಥೀಸಿಸ್‌ನ ಮುಖ್ಯ ಅಧ್ಯಾಯ ಅಲ್ಲಿಂದಲೇ ಹುಟ್ಟಿತು. ಪಾಠ ಮಾಡಿದ ಎಲ್ಲ ಗುರುಗಳಿಗೂ, ಪ್ರಯೋಗಾಲಯದ ಸಿಬ್ಬಂದಿಗೂ ನಮಸ್ಕಾರಗಳು.

ಗುರುಗಳ ಸಾಲಿಗೆ ಇನ್ನೂ ಕೆಲವರನ್ನು ಸೇರಿಸುತ್ತೇನೆ, ಯಾರೂ ಬೇಡ ಅನ್ನಲಾರಿರಿ. ನಮ್ಮ ಪ್ರಯೋಗ ತಾಕಿನಲ್ಲಿ ಕೂಲಿ ಕೆಲಸ ಮಾಡುವ ಅಕ್ಕಂದಿರು. ತೆನೆಗೆ ಕಾಗದದ ಚೀಲವನ್ನು ಗಾಳಿಗೆ ಹಾರದ ಹಾಗೆ, ದಂಟು ಮುರಿಯದ ಹಾಗೆ ಕಟ್ಟುವುದನ್ನು ಕಲಿಸಿದವರು ಅವರು. ಇವತ್ತೂ ಅವರು ಹೊಲದಲ್ಲೇ ಇದ್ದಾರೆ. ಸಂಜೆ ಪದಕ ತೋರಿಸಲು ಹೋಗುತ್ತೇನೆ.

ಕೊನೆಗೆ ನಮ್ಮ ಹಾಸ್ಟೆಲ್ ಗ್ಯಾಂಗು. ಜೋಳದಲ್ಲಿ ಕೈಯಿಂದ ಸಂಕರ ಮಾಡುವುದು ಎಷ್ಟು ನಾಜೂಕಿನ ಕೆಲಸ ಎಂದು ಇಲ್ಲಿರುವ ಬಹಳ ಜನರಿಗೆ ಗೊತ್ತು. ಹಿಂದಿನ ದಿನ ಸಣ್ಣ ಸಣ್ಣ ಹೂಗಳಿಂದ ಪರಾಗ ಕೋಶ ಬಿಡಿಸಿ ತೆನೆಗೆ ಚೀಲ ಕಟ್ಟಬೇಕು. ಮರುದಿನ ಬೆಳಿಗ್ಗೆ ಪರಾಗ ಹಾಕಬೇಕು. ಹಿಂಗಾರಿ ಜೋಳ ಹೂವಾಡುವುದು ಚಳಿಗಾಲದಲ್ಲಿ. ಆ ಚಳಿಯಲ್ಲಿ, ಸ್ವೆಟರ್ ಮೇಲೆ ದುಪ್ಪಟ್ಟಾ ಸುತ್ತಿಕೊಂಡು ನನ್ನ ಜೊತೆ ಬಂದವರಲ್ಲಿ ಒಬ್ಬಳು ಮಣ್ಣು ವಿಜ್ಞಾನದವಳು, ಒಬ್ಬಳು ಕೀಟಶಾಸ್ತ್ರದವಳು, ಇನ್ನೊಬ್ಬಳು ಕೃಷಿ ಅರ್ಥಶಾಸ್ತ್ರದವಳು. ಯಾರಿಗೂ ಇದರಿಂದ ಒಂದು ಅಂಕವೂ ಸಿಗುವಂತಿರಲಿಲ್ಲ. ಅರ್ಥಶಾಸ್ತ್ರದವಳು ಮಾತ್ರ ಪ್ರತಿ ತೆನೆಗೂ ಒಂದು ಚಹಾ ಎಂದು ದರ ಹೇಳಿದ್ದಳು. ಆ ಬಾಕಿ ಇನ್ನೂ ತೀರಿಲ್ಲ. ಸಂಕ್ರಾಂತಿಗೆ ಹಾಸ್ಟೆಲ್ ಖಾಲಿಯಾದಾಗ ನನಗಾಗಿ ಊರಿಗೆ ಹೋಗದೆ ಉಳಿದರು. ಮನೆಯವರಿಗೆ ಓದುವುದಿದೆ ಎಂದು ಸುಳ್ಳು ಹೇಳಿದರು. ಅವರ ಅಪ್ಪ ಅಮ್ಮಂದಿರು ಇಲ್ಲೇ ಕೂತಿದ್ದಾರೆ, ದಯವಿಟ್ಟು ಬೈಯಬೇಡಿ.

ನನ್ನ ಸಾಲುಗಳಲ್ಲಿ ಇನ್ನೂ ಯಾವುದೂ ತಳಿಯಾಗಿಲ್ಲ. ಅದಕ್ಕೆ ವರ್ಷಗಳು ಬೇಕು. ನಮ್ಮ ಎರಿ ಹೊಲಗಳಲ್ಲಿ ಈಗಲೂ ಮಾಲದಂಡಿ ತಳಿಯದೇ ದರ್ಬಾರು. ಅದರ ರೊಟ್ಟಿಯ ರುಚಿಗೆ ಸಮ ಇಲ್ಲ ಎನ್ನುವುದರಲ್ಲಿ ಅಪ್ಪ, ನಾನು, ಗೈಡ್ ಸರ್ ಮೂವರೂ ಒಂದೇ. ಪಿಎಚ್.ಡಿ.ಯಲ್ಲಿ ಈ ಕೆಲಸವನ್ನೇ ಮುಂದುವರಿಸುತ್ತೇನೆ.

ಕಾರ್ಯಕ್ರಮ ಮುಗಿದ ಕೂಡಲೇ ಹಾಸ್ಟೆಲ್‌ನವರೆಲ್ಲ ಸಭಾಂಗಣದ ಹೊರಗೆ ಬನ್ನಿ. ಅವ್ವ ಡಬ್ಬಿ ತುಂಬ ಶೇಂಗಾ ಹೋಳಿಗೆ ತಂದಿದ್ದಾಳೆ. ತಡ ಮಾಡಿದವರಿಗೆ ಸಿಗುವ ಗ್ಯಾರಂಟಿ ಇಲ್ಲ. ಧನ್ಯವಾದಗಳು.