ಅಮ್ಮನ ಎಡಗೈ ದದ್ದಿನ ಫೋಟೋಗಳ ವಿವರ

ಡಾಕ್ಟರ್ ಅವರಿಗೆ ನಮಸ್ಕಾರ,

ಬುಧವಾರ ಬೆಳಿಗ್ಗೆ 11 ಗಂಟೆಗೆ ಅಮ್ಮನನ್ನು ಕರೆದುಕೊಂಡು ಬರುತ್ತಿದ್ದೇನೆ. ವಯಸ್ಸು 58. ನಾಲ್ಕು ಫೋಟೋ ಕಳಿಸಿದ್ದೇನೆ. ಫೋಟೋದಲ್ಲಿ ಕೈಗೆ ಸಿಗುವುದು ಕಾಣುವುದಿಲ್ಲವಲ್ಲ, ಹಾಗಾಗಿ ಮುಟ್ಟಿ ನೋಡಿದ್ದನ್ನೂ ಬರೆಯುತ್ತಿದ್ದೇನೆ. ಇದು ಏನಿರಬಹುದು ಅಂತ ಅಕ್ಕಪಕ್ಕದವರು ಆಗಲೇ ಮೂರ್ನಾಲ್ಕು ಹೆಸರು ಹೇಳಿದ್ದಾರೆ. ಅದ್ಯಾವುದನ್ನೂ ಇಲ್ಲಿ ಬರೆದಿಲ್ಲ.

ಜಾಗ: ಎಡಗೈಯ ಒಳಬದಿ, ಮಣಿಕಟ್ಟಿಗೂ ಮೊಣಕೈಗೂ ನಡುವೆ. ಮಣಿಕಟ್ಟಿನ ಗೆರೆಯಿಂದ ಎರಡು ಬೆರಳು ಮೇಲೆ ಶುರುವಾಗುತ್ತದೆ. ಬಳೆ ಕೂರುವ ಜಾಗದಲ್ಲಿ ಏನೂ ಇಲ್ಲ, ಅದಕ್ಕಿಂತ ಮೇಲಿದೆ. ದೊಡ್ಡದು ಒಂದೇ. ಮೊಟ್ಟೆಯ ಆಕಾರ, ಉದ್ದ 4 ಸೆಂ.ಮೀ., ಅಗಲ ಎರಡೂವರೆ. ಎರಡನೇ ಫೋಟೋದಲ್ಲಿ ಪಕ್ಕಕ್ಕೆ ಸ್ಕೇಲ್ ಇಟ್ಟಿದ್ದೇನೆ. ಅದರಿಂದ ಮೊಣಕೈ ಕಡೆಗೆ ಆರೇಳು ಸಣ್ಣ ಚುಕ್ಕೆಗಳು ಬಿಡಿಬಿಡಿಯಾಗಿವೆ, ಒಂದೊಂದೂ 2ರಿಂದ 3 ಮಿ.ಮೀ. ಸಾಲಾಗಿಲ್ಲ, ಹೇಗೆಂದರೆ ಹಾಗೆ ಚದುರಿವೆ. ಮೊಣಕೈ ಮಡಿಕೆಯವರೆಗೆ ಹೋಗಿಲ್ಲ.

ಬಣ್ಣ: ಅಮ್ಮನದು ಗೋಧಿ ಬಣ್ಣಕ್ಕಿಂತ ಸ್ವಲ್ಪ ಕಪ್ಪು. ಆ ಮೈಬಣ್ಣದ ಮೇಲೆ ದದ್ದಿನ ಅಂಚು ಕಂದುಗೆಂಪು, ನಡುಭಾಗ ಮಸುಕು ಕಂದು. ಚುಕ್ಕೆಗಳು ಅಂಚಿಗಿಂತ ಜಾಸ್ತಿ ಕೆಂಪು. ರಾತ್ರಿ ಟ್ಯೂಬ್‌ಲೈಟಿನಲ್ಲಿ ಇದೇ ದದ್ದು ನೇರಳೆ ಕಾಣಿಸಿತ್ತು, ಆ ಫೋಟೋ ಬಿಟ್ಟುಬಿಟ್ಟೆ. ಒಂದರಿಂದ ಮೂರರವರೆಗಿನವು ಬೆಳಿಗ್ಗೆ ಕಿಟಕಿ ಪಕ್ಕ, ಫ್ಲ್ಯಾಶ್ ಇಲ್ಲದೆ ತೆಗೆದವು. ಫೋನು ತಾನಾಗಿಯೇ ಚರ್ಮವನ್ನು ಸ್ವಲ್ಪ ಬೆಳ್ಳಗೆ ಮಾಡಿದೆ, ನಿಜಕ್ಕೂ ಇನ್ನೊಂಚೂರು ಗಾಢ. ಗಾಜಿನ ಲೋಟದ ತಳ ಒತ್ತಿ ನೋಡಿದೆ. ಚುಕ್ಕೆಗಳ ಕೆಂಪು ಮಾಯವಾಗಿ, ಲೋಟ ತೆಗೆದ ತಕ್ಷಣ ವಾಪಸ್ ಬಂತು. ನಡುಭಾಗದ ಕಂದು ಮಾತ್ರ ಒತ್ತಿದರೂ ಹಾಗೇ ಇತ್ತು.

ಮುಟ್ಟಿದರೆ: ಕಣ್ಣು ಮುಚ್ಚಿಕೊಂಡು ಬೆರಳಾಡಿಸಿದರೂ ಅಂಚು ಎಲ್ಲಿದೆ ಅಂತ ಗೊತ್ತಾಗುತ್ತದೆ, ಅಷ್ಟು ಎದ್ದಿದೆ. ಮೊಣಕೈ ಕಡೆಯ ಅಂಚು ಚೆನ್ನಾಗಿ ಎದ್ದಿದೆ, ಮಣಿಕಟ್ಟಿನ ಕಡೆ ಚರ್ಮದೊಳಗೆ ಸೇರಿಹೋಗಿದೆ. ಮೂರನೇ ಫೋಟೋದಲ್ಲಿ ಬೆಳಕು ಓರೆಯಾಗಿ ಬೀಳುವ ಹಾಗೆ ಕೈ ತಿರುಗಿಸಿದ್ದು ಇದು ಕಾಣಲಿ ಅಂತಲೇ. ನಡುಭಾಗ ಚಪ್ಪಟೆ, ಒಣಗಿದೆ. ಬೆರಳಿನಿಂದ ಸವರಿದರೆ ತೆಳ್ಳಗಿನ ಬಿಳಿ ಹೊಟ್ಟು ಏಳುತ್ತದೆ. ಚುಕ್ಕೆಗಳು ಚರ್ಮದ ಕೆಳಗೆ ರವೆ ಕಾಳು ಇಟ್ಟ ಹಾಗೆ ಸಿಗುತ್ತವೆ, ಒಳಗೆ ನೀರಿಲ್ಲ. ಎಲ್ಲೂ ಕೀವಾಗಲಿ, ರಸಿಕೆಯಾಗಲಿ, ಹಕ್ಕಳೆಯಾಗಲಿ ಇಲ್ಲ. ಕೆಳಗಡೆ ಕಾಣುವ ಎರಡು ಕಪ್ಪು ಗೆರೆ ದದ್ದಲ್ಲ, ಅಮ್ಮ ನಿದ್ದೆಯಲ್ಲಿ ಕೆರೆದುಕೊಂಡ ಉಗುರಿನ ಗೀರು. ಅಂಗೈ ಹಿಂಬದಿ ಇಟ್ಟು ನೋಡಿದರೆ ಸುತ್ತಲಿನ ಚರ್ಮಕ್ಕಿಂತ ಬಿಸಿ ಇಲ್ಲ.

ತುರಿಕೆ ಇದೆ, ನೋವಿಲ್ಲ, ಉರಿಯೂ ಇಲ್ಲವಂತೆ. ರಾತ್ರಿ ಮಲಗಿದ ಮೇಲೆ, ಬಿಸಿನೀರಿನ ಸ್ನಾನ ಆದ ಮೇಲೆ ಜಾಸ್ತಿ. ಅಮ್ಮನನ್ನು ಕೇಳಿದರೆ 'ಅಯ್ಯೋ, ಏನಿಲ್ಲ ಬಿಡು' ಅನ್ನುತ್ತಾರೆ, ಆದರೆ ರಾತ್ರಿ ಎದ್ದು ಕೆರೆದುಕೊಳ್ಳುವುದನ್ನು ನಾನೇ ನೋಡಿದ್ದೇನೆ. ಜ್ವರ ಇಲ್ಲ.

ನಾಲ್ಕನೇ ಫೋಟೋ ಹಳೆಯದು, ಹೋದ ಶನಿವಾರದ್ದು. ಅವತ್ತು ಅಂಚಿನ ಗುಂಟ ಬಾಲ್‌ಪೆನ್ನಿನಲ್ಲಿ ಗೆರೆ ಎಳೆದಿದ್ದೆ. ಈಗ ಮೊಣಕೈ ಕಡೆ ಆ ಗೆರೆ ದಾಟಿ ಸುಮಾರು 3 ಮಿ.ಮೀ. ಮುಂದೆ ಹೋಗಿದೆ, ಮಣಿಕಟ್ಟಿನ ಕಡೆ ಗೆರೆಯ ಮೇಲೇ ನಿಂತಿದೆ. ಮೊದಲು ಕಣ್ಣಿಗೆ ಬಿದ್ದದ್ದು ಅದಕ್ಕೂ ಒಂದು ವಾರ ಮುಂಚೆ, ಆಗ ಕಡಲೆಕಾಳಿನಷ್ಟಿತ್ತು ಅಂತ ಅಮ್ಮ ಹೇಳುತ್ತಾರೆ.

ಇನ್ನೊಂದು ಮುಖ್ಯ ವಿಷಯ. ಶನಿವಾರದ ಫೋಟೋ ತೆಗೆದಾಗ ಏನೂ ಹಚ್ಚಿರಲಿಲ್ಲ. ಆಮೇಲೆ ಪಕ್ಕದ ಮನೆಯವರು ಕೊಟ್ಟ ಒಂದು ಟ್ಯೂಬನ್ನು ಅಮ್ಮ ಎರಡು ರಾತ್ರಿ ಹಚ್ಚಿಕೊಂಡಿದ್ದಾರೆ. ಉಳಿದ ಮೂರೂ ಫೋಟೋ ಅದಾದ ಮೇಲಿನವು. ಈಗ ನಿಲ್ಲಿಸಿದ್ದಾರೆ, ಟ್ಯೂಬ್ ತರುತ್ತೇನೆ. ಬಿ.ಪಿ.ಗೆ ಆಮ್ಲೋಡಿಪಿನ್ 5 ಮಿ.ಗ್ರಾಂ. ವರ್ಷಗಳಿಂದ ತಗೊಳ್ತಿದ್ದಾರೆ, ಹೊಸ ಮಾತ್ರೆ ಯಾವುದೂ ಇಲ್ಲ.

ಬಲಗೈ, ಮೊಣಕಾಲ ಹಿಂದೆ, ಬೆರಳ ಸಂದಿ, ಉಗುರು, ತಲೆಬುಡ, ಬಾಯೊಳಗೆ, ಬೆನ್ನು ಎಲ್ಲ ನೋಡಿದೆ, ಇಂಥದ್ದು ಕಾಣಲಿಲ್ಲ. ಸೊಂಟದಲ್ಲಿ ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಕಪ್ಪು ಪಟ್ಟಿ ಇದೆ, ಅದು ಬಹಳ ವರ್ಷದಿಂದ ಇರುವುದು, ತುರಿಸುವುದಿಲ್ಲ. ಮನೆಯಲ್ಲಿ ಬೇರೆ ಯಾರಿಗೂ ಚರ್ಮದ ಮೇಲೆ ಏನೂ ಆಗಿಲ್ಲ.

ಯಾವುದಾದರೂ ಫೋಟೋ ಸರಿಯಾಗಿ ಕಾಣದಿದ್ದರೆ ತಿಳಿಸಿ, ನಾಳೆ ಬೆಳಿಗ್ಗೆ ಅದೇ ಕಿಟಕಿ ಹತ್ತಿರ ಮತ್ತೆ ತೆಗೆದು ಕಳಿಸುತ್ತೇನೆ. ಬುಧವಾರ ಕೈಗೆ ಎಣ್ಣೆಯನ್ನೂ ಹಚ್ಚದೆ ಬರುತ್ತೇವೆ.