ಹದಿನಾಲ್ಕು ನಿಮಿಷ

ರಾತ್ರಿ ಒಂದೂವರೆ ದಾಟಿತ್ತು. ಬೆಳ್ಳಂದೂರಿನ ಆ ಸೈಬರ್ ಸೆಕ್ಯುರಿಟಿ ಆಫೀಸಿನ ನಾಲ್ಕನೇ ಮಹಡಿಯಲ್ಲಿ ಇದ್ದವರು ಇಬ್ಬರೇ, ನಯನಾ ಮತ್ತು ಶಿಫ್ಟ್ ಲೀಡ್ ಇಮ್ರಾನ್. ನಯನಾ ಎಲ್-ಒನ್ ಅನಲಿಸ್ಟ್. ಬಂದ ಅಲರ್ಟ್ ನೋಡುವುದು, ಟಿಕೆಟ್ ತೆರೆಯುವುದು, ಗೊತ್ತಾಗದಿದ್ದರೆ ಮೇಲಿನವರಿಗೆ ಕಳಿಸುವುದು, ಇಷ್ಟೇ ಅವಳ ಕೆಲಸ. ಅರಸೀಕೆರೆಯಿಂದ ಬಂದು ಈ ಕೆಲಸಕ್ಕೆ ಸೇರಿ ವರ್ಷವೂ ಆಗಿರಲಿಲ್ಲ.

ಆಗ ಅವಳು ನೋಡುತ್ತಿದ್ದ ಅಲರ್ಟ್ ತೀರಾ ಮಾಮೂಲಿಯದು. ದಾವಣಗೆರೆ ಕಡೆಯ ಒಂದು ಸಹಕಾರಿ ಬ್ಯಾಂಕ್ ಇವರ ಗ್ರಾಹಕ. ಅಲ್ಲಿನ ಒಬ್ಬ ಅಧಿಕಾರಿಯ ಅಕೌಂಟ್ ಲಾಕ್ ಆಗಿತ್ತು. ಸಂಜೆ ಪಾಸ್‌ವರ್ಡ್ ಬದಲಿಸಿದ್ದಾರೆ, ಫೋನಿನಲ್ಲಿ ಹಳೆಯದೇ ಉಳಿದಿದೆ, ಫೋನು ಪಾಪ ರಾತ್ರಿಯಿಡೀ ಅದನ್ನೇ ಕಳಿಸುತ್ತಿದೆ. ವಾರಕ್ಕೆ ನಾಲ್ಕಾದರೂ ಇಂಥವು ಬರುತ್ತವೆ. ಟಿಕೆಟ್ ಮುಚ್ಚುವ ಮೊದಲು ಸುಮ್ನೆ ಒಮ್ಮೆ ನೋಡೋಣ ಅಂತ, ಆ ಅಧಿಕಾರಿಯ ಸಾಲುಗಳನ್ನು ತೆಗೆದುಹಾಕಿ, ಬ್ಯಾಂಕಿನ ವೆಬ್‌ಮೇಲ್ ಸರ್ವರ್‌ನಲ್ಲಿ ಆ ರಾತ್ರಿ ವಿಫಲವಾದ ಉಳಿದ ಲಾಗಿನ್‌ಗಳನ್ನು ತೆರೆದಳು. ವಿಂಡೋಸ್ ಲೆಕ್ಕದಲ್ಲಿ 4625 ಅಂದರೆ ಲಾಗಿನ್ ವಿಫಲ, 4624 ಅಂದರೆ ಲಾಗಿನ್ ಆಯಿತು.

ಪಟ್ಟಿ ಹೆಸರಿನ ಅಕ್ಷರ ಕ್ರಮದಲ್ಲಿತ್ತು. ಬೇರೆ ಕಾಲಂ ಒತ್ತಿರಬೇಕು ಅಂದುಕೊಂಡು ಟೈಮ್ ಕಾಲಂ ಮೇಲೆ ಕ್ಲಿಕ್ ಮಾಡಿದಳು. ಪಟ್ಟಿ ತಲೆಕೆಳಗಾಯಿತು. ಹೆಸರುಗಳೂ ಜೊತೆಗೇ ತಲೆಕೆಳಗಾದವು.

ಇನ್ನೊಮ್ಮೆ ಒತ್ತಿದಳು. ಮತ್ತೆ ಹಾಗೆಯೇ. ಅಂದರೆ ಪಟ್ಟಿ ಸರಿಯಾಗಿ ಸಮಯದ ಪ್ರಕಾರವೇ ಇತ್ತು. ಆ ಬ್ಯಾಂಕಿನ ಜನ ರಾತ್ರಿ ಒಂಬತ್ತೂವರೆಯಿಂದ ಒಬ್ಬರಾದ ಮೇಲೆ ಒಬ್ಬರು, ಹಾಜರಿ ಪುಸ್ತಕದಲ್ಲಿ ಹೆಸರು ಕರೆದ ಹಾಗೆ, ತಪ್ಪು ಪಾಸ್‌ವರ್ಡ್ ಹಾಕುತ್ತಾ ಬಂದಿದ್ದರು. ಒಬ್ಬೊಬ್ಬರು ಒಂದೇ ಸಲ. ಏಳು ನಿಮಿಷಕ್ಕೊಬ್ಬರು. ಪ್ರತಿ ಸಲ ಬೇರೆ ಬೇರೆ ಐಪಿ ವಿಳಾಸದಿಂದ.

ಇದನ್ನು ಪಾಸ್‌ವರ್ಡ್ ಸ್ಪ್ರೇ ಅಂತಾರೆ. ಒಬ್ಬರ ಅಕೌಂಟ್ ಮೇಲೆ ನೂರು ಪಾಸ್‌ವರ್ಡ್ ಹಾಕಿದರೆ ಐದನೆಯದಕ್ಕೇ ಲಾಕ್ ಆಗುತ್ತದೆ. ಅದರ ಬದಲು ಎಲ್ಲರೂ ಇಟ್ಟುಕೊಳ್ಳಬಹುದಾದ ಒಂದೇ ಪಾಸ್‌ವರ್ಡನ್ನು ಹಿಡಿದು ಮನೆ ಮನೆ ಬಾಗಿಲು ತಟ್ಟುವುದು. ನಿಧಾನಕ್ಕೆ ತಟ್ಟಿದರೆ ಯಾವ ಅಲರ್ಟೂ ಕೂಗುವುದಿಲ್ಲ. ಇವರ ಸಿಸ್ಟಂ ಕೂಗಬೇಕಾದರೆ ಒಂದೇ ಐಪಿಯಿಂದ ಐದು ನಿಮಿಷದಲ್ಲಿ ಹತ್ತು ವಿಫಲ ಲಾಗಿನ್ ಆಗಬೇಕಿತ್ತು.

ನಯನಾಗೆ ಇನ್ನೊಂದು ವಿಷಯ ಕೊರೆಯಿತು. ಎಲ್ಲ ಸಾಲುಗಳ ಕೊನೆಯಲ್ಲೂ ಒಂದೇ ಕೋಡ್, `0xC000006A`. ಹೆಸರು ಸರಿ, ಪಾಸ್‌ವರ್ಡ್ ತಪ್ಪು ಎಂದರ್ಥ. ಹೊರಗಿನವನು ಊಹೆ ಮಾಡಿ ಹೆಸರು ಹಾಕುತ್ತಿದ್ದರೆ ಅರ್ಧಕ್ಕರ್ಧ `0xC0000064` ಬರಬೇಕು, ಆ ಹೆಸರಿನವರೇ ಇಲ್ಲ ಅಂತ. ಇಲ್ಲಿ ಒಂದೂ ಇಲ್ಲ. ಅವನ ಕೈಯಲ್ಲಿ ಬ್ಯಾಂಕಿನ ಪೂರ್ತಿ ಪಟ್ಟಿಯೇ ಇದೆ. ಎಲ್ಲಿಂದ ಬಂತು?

"ಇಮ್ರಾನ್ ಸರ್, ಒಂದ್ನಿಮಿಷ ಇದನ್ನ ನೋಡ್ತೀರಾ?"

ಇಮ್ರಾನ್ ಟೀ ಕಪ್ ಹಿಡಿದುಕೊಂಡೇ ಬಂದ. ನೋಡಿದ. "ಸ್ಪ್ರೇನೇ. ಚೆನ್ನಾಗಿ ಹಿಡಿದಿದ್ದೀಯ. ಆದ್ರೆ ಎಲ್ಲಾ ಫೇಲ್ ಆಗಿದೆಯಲ್ಲ, ಟಿಕೆಟ್ ಹಾಕು, ಬೆಳಿಗ್ಗೆ ಅವರಿಗೆ ಮೇಲ್ ಹೋಗತ್ತೆ. ಹೋದ ತಿಂಗಳು ಸುಮ್ನೆ ರಾತ್ರಿ ಎಬ್ಬಿಸಿದ್ವಿ ಅಂತ ದೊಡ್ಡ ಗಲಾಟೆ ಆಯ್ತು, ಗೊತ್ತಲ್ಲ?"

ಗೊತ್ತಿತ್ತು. ಆದರೂ ಅವಳು ಕಣ್ಣು ತೆಗೆಯಲಿಲ್ಲ. ಈ ಭಾಗವನ್ನೇ ನೋಡುತ್ತಿದ್ದಳು. ಲಾಗ್‌ನ ಸಮಯ ಯುಟಿಸಿಯಲ್ಲಿರುತ್ತದೆ, ನಮ್ಮ ಗಡಿಯಾರಕ್ಕೆ ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು.

```
19:03:11Z 4625 farooq.a    0xC000006A
19:10:14Z 4625 gayathri.n  0xC000006A
19:17:09Z 4625 geetha.m    0xC000006A
19:31:12Z 4625 girish.p    0xC000006A
19:38:10Z 4625 gopal.h     0xC000006A
```

"ಸರ್, ಏಳು, ಏಳು, ಏಳು... ಇಲ್ಲಿ ಮಾತ್ರ ಹದಿನಾಲ್ಕು."

ಇಮ್ರಾನ್ ಕಪ್ ಕೆಳಗಿಟ್ಟ.

"ಗೀತಾಗೂ ಗಿರೀಶ್‌ಗೂ ಮಧ್ಯೆ ಒಬ್ಬರಿದ್ದಾರೆ ಸರ್. ಅವರದ್ದು ಫೇಲ್ ಆಗಿಲ್ಲ. ಅದಕ್ಕೇ ಈ ಪಟ್ಟಿಯಲ್ಲಿಲ್ಲ."

ಫಿಲ್ಟರ್‌ನಲ್ಲಿ 4625 ತೆಗೆದು 4624 ಹಾಕಿದಳು, 19:20ರಿಂದ 19:28. ಒಂದೇ ಸಾಲು ಬಂತು.

```
19:24:10Z 4624 geetharani.s LogonType 8
```

ನಮ್ಮ ಸಮಯ ರಾತ್ರಿ 12:54. ಅಂದರೆ ಒಳಗೆ ಹೋಗಿ ಒಂದು ಗಂಟೆ ಆಗಿತ್ತು.

ಇಮ್ರಾನ್ ಒಂದು ಮಾತೂ ಆಡದೆ ಫೋನ್ ಎತ್ತಿಕೊಂಡ. ಬ್ಯಾಂಕಿನ ಐಟಿ ಮ್ಯಾನೇಜರ್ ಬಸವರಾಜಪ್ಪ ಮೂರನೇ ಸಲಕ್ಕೆ ಎತ್ತಿದರು. ನಿದ್ದೆಗಣ್ಣಲ್ಲೇ ಎಲ್ಲ ಕೇಳಿಸಿಕೊಂಡು, "ಗೀತಾರಾಣಿನಾ? ಆಕಿ ಹೆರಿಗೆ ರಜೆ ಮೇಲದಾರ್ರೀ. ಕೂಸಿಗೆ ಇನ್ನೂ ತಿಂಗಳು ತುಂಬಿಲ್ಲ" ಅಂದರು. ಆಮೇಲೆ ಅವರೇ ಸ್ವಲ್ಪ ಯೋಚಿಸಿ, "ಆದ್ರ ಒಂದ್ ಮಾತ್ರೀ. ಸಣ್ಣ ಕೂಸಿರೋ ಮನಿ. ರಾತ್ರಿ ಎದ್ದೇ ಇರ್ತಾರ. ಹೊತ್ತು ಹೋಗಲಾರದ ಆಕೀನ ಮೇಲ್ ತಗದು ನೋಡಿರಬಹುದಲ್ಲ?"

ತೆಗೆದುಹಾಕುವ ಮಾತಲ್ಲ ಅದು. ಮಧ್ಯರಾತ್ರಿ ಲಾಗಿನ್ ಆದವರೆಲ್ಲ ಕಳ್ಳರಲ್ಲ. ಏಳು ನಿಮಿಷದ ತಾಳಕ್ಕೆ ಸೆಕೆಂಡು ಸಮೇತ ಸರಿಯಾಗಿ ಕೂತಿದೆ ಅನ್ನುವುದು ನಯನಾಗೆ ಸಾಕಷ್ಟು ಬಲವಾದ ಕಾರಣವಾಗಿತ್ತು, ಆದರೆ ಅಕೌಂಟ್ ಮುಚ್ಚಬೇಕಾದವರು ಬ್ಯಾಂಕಿನವರು, ಅವರಿಗೆ ಖಾತ್ರಿಯಾಗಬೇಕು.

"ಅವರನ್ನೇ ಕೇಳಿಬಿಡೋಣ ಸರ್," ಅಂದಳು ನಯನಾ.

"ಬಾಣಂತೀನ ಈ ಹೊತ್ತಿನ್ಯಾಗ ಎಬ್ಬಿಸೋದೇನ್ರೀ?"

"ಅವರು ಎದ್ದಿರ್ತಾರೆ ಅಂತ ನೀವೇ ಹೇಳಿದ್ರಲ್ಲ ಸರ್. ನಾನು ಮಾತಾಡ್ತೀನಿ. ನೀವು ಲೈನ್‌ನಲ್ಲಿರಿ, ಅವರಿಗೆ ಗಾಬರಿ ಆಗಬಾರದು."

ಎರಡನೇ ರಿಂಗಿಗೇ ಎತ್ತಿದರು. ಹಿಂದೆ ಮಗು ಅಳುತ್ತಿತ್ತು, ಯಾರೋ ಹಿರಿಯ ಹೆಂಗಸು ಲಾಲಿ ಹಾಡುತ್ತಿದ್ದರು. ಬಸವರಾಜಪ್ಪ ಮೊದಲು ತಾವೇ ಮಾತಾಡಿ, ಏನೂ ಗಾಬರಿ ಇಲ್ಲವ್ವಾ, ಬೆಂಗಳೂರಿನ ಸೆಕ್ಯುರಿಟಿಯವರು ಒಂದು ಮಾತು ಕೇಳಬೇಕಂತೆ ಅಂದರು.

"ಅಕ್ಕಾ, ಕ್ಷಮಿಸಿ, ಈ ಹೊತ್ತಲ್ಲಿ. ರಾತ್ರಿ ಒಂದು ಗಂಟೆಗೆ ಹತ್ತಿರ ನೀವೇನಾದ್ರೂ ಆಫೀಸ್ ಮೇಲ್ ತೆಗೆದಿದ್ರಾ?"

"ಇಲ್ಲಮ್ಮ. ನನಗೆ ಅದರ ಪಾಸ್‌ವರ್ಡೇ ನೆನಪಿಲ್ಲ. ರಜೆಗೆ ಹೋಗೋ ದಿನ ಮರೆತುಹೋಗಿತ್ತು, ಹೆಲ್ಪ್‌ಡೆಸ್ಕ್ ಹುಡುಗ ರೀಸೆಟ್ ಮಾಡಿಕೊಟ್ಟ, ಅದೇನೋ ವೆಲ್‌ಕಮ್ ಅಂತ ಇತ್ತು. ಆಮೇಲೆ ನಾನು ತೆಗೆದೇ ಇಲ್ಲ." ಒಂದು ಕ್ಷಣ ತಡೆದು ಕೇಳಿದರು, "ನನ್ನಿಂದ ಏನಾದ್ರೂ ತೊಂದರೆ ಆಯ್ತಾ?"

"ನಿಮ್ಮಿಂದ ಏನೂ ಇಲ್ಲ ಅಕ್ಕಾ. ನೀವು ಫೋನ್ ಎತ್ತಿದ್ದೇ ಉಪಕಾರ ಆಯ್ತು. ಪಾಪುನ ಮಲಗಿಸಿ."

ಈ ಮಾತನ್ನು ಅವಳು ಬಾಯಿಮಾತಿಗೆ ಹೇಳಲಿಲ್ಲ. ರೀಸೆಟ್ ಮಾಡುವಾಗ, ಮುಂದಿನ ಲಾಗಿನ್‌ಗೆ ಪಾಸ್‌ವರ್ಡ್ ಬದಲಿಸಲೇಬೇಕು ಅನ್ನುವ ಒಂದು ಟಿಕ್ ಹಾಕಬೇಕಿತ್ತು, ಹಾಕಿರಲಿಲ್ಲ. ಬಾಣಂತನದ ಮನೆಯಲ್ಲಿ ಕೂತ ಹೆಂಗಸಿಗೆ ಅದು ಹೇಗೆ ಗೊತ್ತಾಗಬೇಕು?

ಮುಂದಿನ ಅರ್ಧ ಗಂಟೆ ಬೇಗ ಬೇಗ ನಡೆಯಿತು. ಬಸವರಾಜಪ್ಪ ಮನೆಯಿಂದಲೇ ಲ್ಯಾಪ್‌ಟಾಪ್ ತೆರೆದು ಅಕೌಂಟ್ ಬಂದ್ ಮಾಡಿದರು. ಅಷ್ಟಕ್ಕೇ ಮುಗಿಯಲಿಲ್ಲ, ಅಕೌಂಟ್ ಮುಚ್ಚಿದರೂ ಆಗಲೇ ತೆರೆದಿರುವ ಸೆಷನ್ ತಕ್ಷಣ ಸಾಯುವುದಿಲ್ಲ. ಹೊರಗಿನಿಂದ ವೆಬ್‌ಮೇಲ್‌ಗೆ ಬರುವ ದಾರಿಯನ್ನೇ ಫೈರ್‌ವಾಲ್‌ನಲ್ಲಿ ಮುಚ್ಚಿಸಿ, ಲಾಗ್‌ಗಳ ನಕಲು ತೆಗೆದಿಟ್ಟುಕೊಂಡು, ಆಮೇಲೆ ವೆಬ್‌ಮೇಲ್ ಸೇವೆಯನ್ನೇ ನಿಲ್ಲಿಸಿ ಮತ್ತೆ ಶುರು ಮಾಡುವ `iisreset` ಕೊಡಿಸಿದ ಇಮ್ರಾನ್. ಅಲ್ಲಿಯವರೆಗೂ ಆ ಕಡೆಯವನು ತನ್ನ ಪಾಡಿಗೆ ಏಳು ನಿಮಿಷಕ್ಕೊಂದು ಹೆಸರು ಹಾಕುತ್ತಲೇ ಇದ್ದ. `kavitha.d` ಬಂತು, `keshava.r` ಬಂತು. ಮುಂದಿನದು ಬರಲಿಲ್ಲ.

ಗೀತಾರಾಣಿಯ ಮೇಲ್ ಪೆಟ್ಟಿಗೆಯಲ್ಲಿ ಒಂದು ಹೊಸ ರೂಲ್ ಸಿಕ್ಕಿತು. ವಿಷಯದಲ್ಲಿ ಆರ್‌ಟಿಜಿಎಸ್ ಅಂತಿರುವ ಮೇಲ್ ಬಂದರೆ ಹೊರಗಿನ ಒಂದು ವಿಳಾಸಕ್ಕೆ ಕಳಿಸು, ಇಲ್ಲಿ ಆರ್‌ಎಸ್‌ಎಸ್ ಫೀಡ್ಸ್ ಫೋಲ್ಡರ್‌ಗೆ ಹಾಕು. ಆ ಫೋಲ್ಡರನ್ನು ಯಾರೂ ತೆರೆಯುವುದಿಲ್ಲ ಅಂತ ಅವನಿಗೆ ಗೊತ್ತು. ಗೀತಾರಾಣಿ ರಜೆಗೆ ಮೊದಲು ಆರ್‌ಟಿಜಿಎಸ್ ವಿಭಾಗದಲ್ಲಿದ್ದವರು, ಗುಂಪಿನ ಮೇಲ್ ಇನ್ನೂ ಅವರಿಗೆ ಬರುತ್ತಿತ್ತು. 2020ರ ಡಿಸೆಂಬರ್‌ನಿಂದ ಆರ್‌ಟಿಜಿಎಸ್ ಹಗಲು ರಾತ್ರಿ ನಡೆಯುತ್ತದೆ, ಹಾಗಾಗಿ ಬೆಳಿಗ್ಗೆ ತನಕ ಏನಾಗುತ್ತೆ ಅನ್ನುವ ಧೈರ್ಯ ಈಗಿಲ್ಲ. ಅದೃಷ್ಟಕ್ಕೆ ಆ ಒಂದು ಗಂಟೆಯಲ್ಲಿ ಅಂಥ ಮೇಲ್ ಒಂದೂ ಬಂದಿರಲಿಲ್ಲ.

"ಸರ್ಟ್-ಇನ್‌ಗೆ ವರದಿ ಹೋಗಬೇಕು," ಅಂದ ಇಮ್ರಾನ್ ಫೋನಿನಲ್ಲಿ. ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಅದು. "ಗೊತ್ತಾದ ಆರು ಗಂಟೆಯೊಳಗೆ. ನಮಗೆ ಗೊತ್ತಾಗಿದ್ದು ಎರಡಕ್ಕೆ, ಎಂಟರೊಳಗೆ ಕಳಿಸಿಬಿಡಿ ಸರ್. ಬರೆಯೋಕೆ ನಾವು ಸಹಾಯ ಮಾಡ್ತೀವಿ."

ನಯನಾ ತಲೆಯಲ್ಲಿ ಮಾತ್ರ ಆ ಹಳೆಯ ಪ್ರಶ್ನೆಯೇ ಓಡುತ್ತಿತ್ತು. ಪಟ್ಟಿ ಎಲ್ಲಿಂದ ಬಂತು? ಬ್ಯಾಂಕಿನ ಒಳಗಿನ ಒಂದು ಮೇಲ್ ಅಕೌಂಟ್ ಸಿಕ್ಕರೆ ಸಾಕು, ಅಡ್ರೆಸ್ ಬುಕ್ ಪೂರ್ತಿ ಸಿಗುತ್ತದೆ, ಅದೂ ಅಕ್ಷರ ಕ್ರಮದಲ್ಲಿ. ಹಾಗಾದರೆ ಗೀತಾರಾಣಿ ಮೊದಲನೆಯವರಲ್ಲ.

2022ರ ಏಪ್ರಿಲ್‌ನ ಸರ್ಟ್-ಇನ್ ಆದೇಶದ ಪ್ರಕಾರ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಇಟ್ಟಿದ್ದರು. ಈ ರಾತ್ರಿ ಒಂದೂ ಕಾಣದಿದ್ದ `0xC0000064` ಅನ್ನೇ ಹಿಡಿದು ಹಿಂದಕ್ಕೆ ಹುಡುಕಿದಳು. ಇಲ್ಲದ ಹೆಸರುಗಳಿಗೆ ಬಾಗಿಲು ತಟ್ಟಿದ ರಾತ್ರಿ ಯಾವುದು? ದಿನಕ್ಕೆ ಒಂದೋ ಎರಡೋ ಟೈಪಿಂಗ್ ತಪ್ಪುಗಳು. ಆಮೇಲೆ, ಎರಡು ವಾರ ಹಿಂದಿನ ಒಂದು ಭಾನುವಾರ ರಾತ್ರಿ, ಸಾಲು ಸಾಲಾಗಿ ಬಂತು: `test`, `info`, `office`, `reception`, `printer`. ಇವನು ಆಗ ಕತ್ತಲಲ್ಲಿ ತಡಕಾಡುತ್ತಿದ್ದ. `printer` ಆದ ಏಳು ನಿಮಿಷಕ್ಕೆ ಸಾಲು ನಿಂತುಹೋಗಿತ್ತು. ಅಲ್ಲಿ 4624 ಹಾಕಿ ನೋಡಿದಳು.

ಈ ಸಲ ಇಮ್ರಾನ್ ಕಡೆ ತಿರುಗಲಿಲ್ಲ. ನೇರ ತಾನೇ ನಂಬರ್ ಒತ್ತಿದಳು.

"ಬಸವರಾಜಪ್ಪ ಸರ್, ನಿಮ್ಮಲ್ಲಿ `scanner` ಅಂತ ಒಂದು ಅಕೌಂಟ್ ಇದೆಯಾ?"

"ಅದು ಮನುಷ್ಯಾರದಲ್ರೀ. ಹೆಡ್ ಆಫೀಸಿನ ಸ್ಕ್ಯಾನರ್‌ದು. ಸ್ಕ್ಯಾನ್ ಮಾಡಿದ್ದು ಮೇಲ್‌ಗೆ ಹೋಗ್ಲಿ ಅಂತ ಹಾಕೇವಿ."

"ಕಳಿಸಿದ್ದೆಲ್ಲ ಅದರ ಸೆಂಟ್ ಫೋಲ್ಡರ್‌ನಲ್ಲಿ ಉಳಿಯುತ್ತಾ ಸರ್?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಸಾಲದ ಅರ್ಜಿ, ಪಾನ್ ಕಾರ್ಡು, ಆಧಾರು... ಎಲ್ಲಾ ಅದರಾಗೇ ಹೋಗ್ತಾವ್ರೀ."

"ಅದನ್ನೂ ಈಗಲೇ ಬಂದ್ ಮಾಡಿ ಸರ್. ಏನನ್ನೂ ಡಿಲೀಟ್ ಮಾಡಬೇಡಿ. ಎರಡು ವಾರದಲ್ಲಿ ಅದರಿಂದ ಏನೇನು ತೆಗೆದಿದ್ದಾರೆ ಅಂತ ಪಟ್ಟಿ ಮಾಡಬೇಕು. ವರದಿಯಲ್ಲಿ ಗೀತಾರಾಣಿಯವರ ಹೆಸರಿಗಿಂತ ಮೊದಲು ಇದು ಬರಬೇಕು, ಯಾಕಂದ್ರೆ ಶುರುವಾಗಿದ್ದು ಅವರಿಂದ ಅಲ್ಲ."