ಮನೆ ನಿರ್ಮಾಣದ ಕರಾರಿನಲ್ಲಿ ಮಾತಿನಲ್ಲಿ ಒಪ್ಪಿಕೊಂಡ ಬದಲಾವಣೆಗಳ ದೃಢೀಕರಣ

ಶಿವಮೊಗ್ಗ
10-06-2025

ಶ್ರೀ ನಾಗರಾಜ ಆಚಾರ್, ಕಟ್ಟಡ ಗುತ್ತಿಗೆದಾರರು, ಇವರಿಗೆ

ಮಾನ್ಯರೇ,

ನಮ್ಮ ಮನೆಯ ನಿರ್ಮಾಣಕ್ಕಾಗಿ 12-02-2025ರಂದು ನಾವಿಬ್ಬರೂ ಸಹಿ ಮಾಡಿದ ಕರಾರು ಪತ್ರಕ್ಕೆ ಸಂಬಂಧಿಸಿದಂತೆ, ಕಳೆದ ಭಾನುವಾರ, ಅಂದರೆ 08-06-2025ರಂದು, ನಿವೇಶನದಲ್ಲಿ ನನ್ನ ಪತ್ನಿಯ ಸಮಕ್ಷಮ ಮಾತನಾಡಿ ಒಪ್ಪಿಕೊಂಡ ಬದಲಾವಣೆಗಳನ್ನು ಇಲ್ಲಿ ಬರೆದಿದ್ದೇನೆ. ತಮ್ಮ ಮಾತಿನ ಮೇಲೆ ನನಗೆ ಪೂರ್ಣ ವಿಶ್ವಾಸವಿದೆ. ಆದರೂ ಕೊನೆಯ ಬಿಲ್ಲಿನ ಹೊತ್ತಿಗೆ ಇಬ್ಬರ ನೆನಪೂ ಒಂದೇ ಆಗಿರಬೇಕೆಂಬುದು ನನ್ನ ಕಾಳಜಿ.

ನೀರು ದಿನ ಬಿಟ್ಟು ದಿನ ಬರುವುದರಿಂದ ಸಂಪಿನ ಸಾಮರ್ಥ್ಯವನ್ನು 8,000 ಲೀಟರಿನಿಂದ 12,000 ಲೀಟರಿಗೆ ಹೆಚ್ಚಿಸುವುದೆಂದೂ, ಅಗೆತ, ಕಬ್ಬಿಣ, ಕಾಂಕ್ರೀಟ್ ಮತ್ತು ಒಳಗಿನ ವಾಟರ್‌ಪ್ರೂಫಿಂಗ್ ಎಲ್ಲವೂ ಸೇರಿ ಇದಕ್ಕೆ ಹೆಚ್ಚುವರಿಯಾಗಿ 38,000 ರೂಪಾಯಿ ಎಂದೂ ಮಾತಾಗಿದೆ. ಅಗೆಯುವಾಗ ಬಂಡೆ ಸಿಕ್ಕರೂ ಈ ಮೊತ್ತ ಬದಲಾಗುವುದಿಲ್ಲವೆಂದು ತಾವು ಹೇಳಿದ್ದೀರಿ. ಮುಂದೆ ತಕರಾರಿಗೆ ಎಡೆಯಾಗಬಹುದಾದ ಅಂಶವಾದ್ದರಿಂದ ಅದನ್ನು ವಿಶೇಷವಾಗಿ ದಾಖಲಿಸುತ್ತಿದ್ದೇನೆ.

ಹಾಲ್ ಮತ್ತು ಊಟದ ಕೋಣೆಯ 600 ಚದರ ಅಡಿ ನೆಲಕ್ಕೆ ಟೈಲ್ಸ್ ಬದಲು ಗ್ರಾನೈಟ್ ಹಾಕಲಾಗುವುದು. ಗ್ರಾನೈಟನ್ನು ನಾನೇ ಖರೀದಿಸಿ ಕೊಡುವುದರಿಂದ, ಟೈಲ್ಸಿಗೆಂದು ಕರಾರಿನಲ್ಲಿ ಸೇರಿದ್ದ ಚದರ ಅಡಿಗೆ 60 ರೂಪಾಯಿಯಂತೆ 36,000 ರೂಪಾಯಿ ಕಡಿತವಾಗಿ, ಗ್ರಾನೈಟ್ ಹಾಸುವ ಹೆಚ್ಚಿನ ಕೂಲಿ ಚದರ ಅಡಿಗೆ 25 ರೂಪಾಯಿಯಂತೆ 15,000 ರೂಪಾಯಿ ಸೇರುತ್ತದೆ. ಪಾಲಿಶ್ ಕೆಲಸವೂ ಈ ಕೂಲಿಯಲ್ಲೇ ಅಡಕವಾಗಿದೆ.

ಹೀಗಾಗಿ 25,20,000 ರೂಪಾಯಿ ಇದ್ದ ಕರಾರಿನ ಮೊತ್ತ 17,000 ರೂಪಾಯಿ ಹೆಚ್ಚಿ 25,37,000 ರೂಪಾಯಿ ಆಗುತ್ತದೆ. ಹೆಚ್ಚುವರಿ ಹಣವನ್ನು ಪ್ಲಾಸ್ಟರಿಂಗ್ ಮುಗಿದಾಗ ಕೊಡುವ ಕಂತಿನ ಜೊತೆ ಪಾವತಿಸುತ್ತೇನೆ. ಮಳೆಗಾಲದ ಕಾರಣ ಕೆಲಸ ಮುಗಿಸುವ ಗಡುವು 30-09-2025ರ ಬದಲು 31-10-2025 ಆಗಿರುತ್ತದೆ.

ಕಾಂಪೌಂಡ್ ಗೋಡೆಯ ಬಗ್ಗೆ ಅಂದು ಮಾತು ಬಂದಿತ್ತಾದರೂ ದರ ನಿಗದಿಯಾಗದ ಕಾರಣ ಅದು ಈ ಒಪ್ಪಿಗೆಗೆ ಸೇರಿಲ್ಲ. ಮೂಲ ಕರಾರಿನ ಉಳಿದೆಲ್ಲ ಷರತ್ತುಗಳು ಇದ್ದಂತೆಯೇ ಜಾರಿಯಲ್ಲಿರುತ್ತವೆ.

ಮೇಲಿನ ಯಾವುದೇ ಅಂಶ ತಮ್ಮ ತಿಳಿವಳಿಕೆಗಿಂತ ಭಿನ್ನವಾಗಿದ್ದರೆ ದಯವಿಟ್ಟು ಅದನ್ನು ಬರಹದಲ್ಲೇ ತಿಳಿಸಿ. ಕೂತು ಮಾತಾಡಿ ತಿದ್ದಿಕೊಳ್ಳೋಣ. ಸರಿಯಿದ್ದರೆ ಎರಡೂ ಪ್ರತಿಗಳಿಗೆ ಸಹಿ ಮಾಡಿ ಒಂದನ್ನು ನನಗೆ ಹಿಂದಿರುಗಿಸಿ. ತಾವು ಉತ್ತರಿಸದಿದ್ದರೆ ಅದನ್ನು ಒಪ್ಪಿಗೆಯೆಂದು ನಾನು ಭಾವಿಸುವುದಿಲ್ಲ. ಸಂಪಿನ ಅಗೆತ 16-06-2025ರ ಸೋಮವಾರ ಶುರುವಾಗಬೇಕಿರುವುದರಿಂದ, ಅದಕ್ಕೆ ಮೊದಲೇ ಸಹಿಯಾದ ಪ್ರತಿ ನನ್ನ ಕೈಸೇರಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಎಚ್. ಶ್ರೀನಿವಾಸಮೂರ್ತಿ
(ಮನೆಯ ಮಾಲೀಕರು)

ಮೇಲೆ ಬರೆದಿರುವ ಬದಲಾವಣೆಗಳನ್ನು ಓದಿ ಒಪ್ಪಿಕೊಂಡಿದ್ದೇನೆ.
ನಾಗರಾಜ ಆಚಾರ್, ಗುತ್ತಿಗೆದಾರರು
12-06-2025